ಒಂದು ಸಲಕ್ಕೆ ಎಷ್ಟು ಚೀಲ ಮೊಳೆ ತರಿಸಬೇಕು?

ದಾವಣಗೆರೆಯಂಥ ಊರಿನಲ್ಲಿ ಹಾರ್ಡ್‌ವೇರ್ ಸಗಟು ವ್ಯಾಪಾರ ಮಾಡುವವರ ಗೋದಾಮಿಗೆ ಹೋದರೆ ಬಾಗಿಲಲ್ಲೇ ಮೊಳೆಯ ಚೀಲಗಳ ಅಟ್ಟಿ ಎದುರಾಗುತ್ತದೆ. ಹರಿಹರ, ಚನ್ನಗಿರಿ, ಜಗಳೂರು ಕಡೆಯ ಚಿಲ್ಲರೆ ಅಂಗಡಿಯವರು ಚೀಟಿ ಹಿಡಿದು ಬಂದಾಗ ಎರಡೂವರೆ ಇಂಚಿನ ಮೊಳೆ ಇಲ್ಲ ಎನ್ನುವ ಹಾಗಿಲ್ಲ. ಮೊಳೆ ಸಿಗದಿದ್ದರೆ ಅವರು ತಿರುಗಣಿ, ಬೋಲ್ಟು, ಬೈಂಡಿಂಗ್ ತಂತಿಗಳನ್ನೂ ಪಕ್ಕದ ಮಳಿಗೆಯಲ್ಲೇ ಕೊಂಡು ಹೋಗುತ್ತಾರೆ. ಆ ಭಯದಿಂದ ಕೆಲವರು ಒಮ್ಮೆಗೇ ಲಾರಿ ತುಂಬ ತರಿಸುತ್ತಾರೆ. ಇನ್ನು ಕೆಲವರು ದುಡ್ಡು ಸಿಕ್ಕಿಕೊಳ್ಳಬಾರದೆಂದು ವಾರಕ್ಕೊಮ್ಮೆ ಇಪ್ಪತ್ತು ಇಪ್ಪತ್ತೈದು ಚೀಲ ತರಿಸುತ್ತಾರೆ. ಎರಡು ರೀತಿಗೂ ಕಾರಣಗಳಿವೆ, ಎರಡಕ್ಕೂ ಖರ್ಚಿದೆ. ಆ ಎರಡು ಖರ್ಚುಗಳನ್ನು ತೂಗಿ ಒಂದು ಸಂಖ್ಯೆಗೆ ಬರುವ ಲೆಕ್ಕವನ್ನು ವಾಣಿಜ್ಯದ ಪಠ್ಯಗಳಲ್ಲಿ ಮಿತವ್ಯಯದ ಆದೇಶ ಪ್ರಮಾಣ ಎಂದೂ, ವಿದ್ಯಾರ್ಥಿಗಳ ಬಾಯಲ್ಲಿ ಇಒಕ್ಯು ಎಂದೂ ಕರೆಯುತ್ತಾರೆ. ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಇದನ್ನು 1913ರಲ್ಲಿ ಪ್ರಕಟಿಸಿದರು. 1934ರಲ್ಲಿ ಆರ್.ಎಚ್. ವಿಲ್ಸನ್ ಬರೆದ ಲೇಖನದಿಂದ ಅದು ವ್ಯಾಪಕವಾಗಿ ತಿಳಿದದ್ದರಿಂದ ಕೆಲವು ಪುಸ್ತಕಗಳಲ್ಲಿ ವಿಲ್ಸನ್ ಸೂತ್ರವೆಂಬ ಹೆಸರೂ ಇದೆ.

ಸೂತ್ರವನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಅದರೊಳಗೆ ಯಾವ ರೂಪಾಯಿಯನ್ನು ಹಾಕಬೇಕು, ಯಾವುದನ್ನು ಹೊರಗಿಡಬೇಕು ಎಂಬುದೇ ಕಷ್ಟದ ಕೆಲಸ, ಮತ್ತು ಹೆಚ್ಚಿನ ತಪ್ಪುಗಳು ಆಗುವುದೂ ಅಲ್ಲೇ. ಅದಕ್ಕಾಗಿ ಒಂದೇ ಸರಕನ್ನು ಇಟ್ಟುಕೊಂಡು ಕೊನೆಯವರೆಗೆ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು; ಓದುಗರು ತಮ್ಮ ಅಂಗಡಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಡಬಹುದು.

ನಮ್ಮ ವ್ಯಾಪಾರಿ ವರ್ಷಕ್ಕೆ ಎರಡೂವರೆ ಇಂಚಿನ ಮೊಳೆಯನ್ನು 50 ಕೆಜಿ ತೂಕದ 1,200 ಚೀಲ ಮಾರುತ್ತಾರೆ. ಜಿಎಸ್‌ಟಿ ಬಿಟ್ಟು ಒಂದು ಚೀಲದ ಖರೀದಿ ಬೆಲೆ 3,000 ರೂಪಾಯಿ. ಕೊಂಡಾಗ ಕಟ್ಟಿದ ತೆರಿಗೆಯು ಮಾರಾಟದ ತೆರಿಗೆಯಲ್ಲಿ ವಜಾ ಆಗುವುದರಿಂದ ಅದನ್ನು ಬೆಲೆಯೊಳಗೆ ಸೇರಿಸಬೇಕಾಗಿಲ್ಲ. ಹೀಗೆ ವರ್ಷದ ಖರೀದಿ 36 ಲಕ್ಷ ರೂಪಾಯಿ. ಒಮ್ಮೆಗೆ 25 ಚೀಲ ತರಿಸಿದರೂ 300 ಚೀಲ ತರಿಸಿದರೂ, ದರ ಒಂದೇ ಆಗಿರುವವರೆಗೆ, ಈ 36 ಲಕ್ಷ ಬದಲಾಗುವುದಿಲ್ಲ. ಹಾಗಾಗಿ ಸದ್ಯಕ್ಕೆ ಅದನ್ನು ಪಕ್ಕಕ್ಕಿಟ್ಟು, ತರಿಸುವ ಗಾತ್ರ ಬದಲಾದಂತೆ ಬದಲಾಗುವ ಖರ್ಚುಗಳನ್ನು ಮಾತ್ರ ನೋಡಬೇಕು. ಅಂಥವು ಎರಡೇ ಜಾತಿಯವು. ಒಂದು ತರಿಸುವ ಖರ್ಚು, ಎಂದರೆ ಪ್ರತಿ ಆರ್ಡರಿಗೆ ಒಂದು ಸಲ ತಗಲುವಂಥದ್ದು. ಇನ್ನೊಂದು ಇಟ್ಟುಕೊಳ್ಳುವ ಖರ್ಚು, ಎಂದರೆ ಚೀಲ ಗೋದಾಮಿನಲ್ಲಿ ಕುಳಿತಷ್ಟು ಕಾಲ ಬೆಳೆಯುವಂಥದ್ದು.

ತರಿಸುವ ಖರ್ಚನ್ನು ಮೊದಲು ನೋಡೋಣ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವರ್ಷದಲ್ಲಿ ಒಂದು ಆರ್ಡರ್ ಕಡಿಮೆ ಮಾಡಿದರೆ ಕೈಯಿಂದ ಹೋಗುವ ಎಷ್ಟು ಹಣ ನಿಜವಾಗಿ ಉಳಿಯುತ್ತದೆ? ಈ ಪ್ರಶ್ನೆಗೆ ಮೊದಲು ಬಲಿಯಾಗುವುದು ಹಮಾಲಿ. ಚೀಲವೊಂದಕ್ಕೆ ಇಷ್ಟು ಎಂದು ಹಮಾಲಿ ಕೊಡುವುದಾದರೆ, 1,200 ಚೀಲಗಳನ್ನು ಹನ್ನೆರಡು ಸಲ ಇಳಿಸಿದರೂ ನಾಲ್ಕು ಸಲ ಇಳಿಸಿದರೂ ವರ್ಷದ ಹಮಾಲಿ ಅಷ್ಟೇ ಆಗುತ್ತದೆ. ಆದ್ದರಿಂದ ಅದು ಚೀಲದ ಬೆಲೆಯ ಭಾಗ, ತರಿಸುವ ಖರ್ಚಲ್ಲ. ಟ್ರಾನ್ಸ್‌ಪೋರ್ಟಿನವರು ಕ್ವಿಂಟಲ್ ಲೆಕ್ಕದಲ್ಲಿ ಪಡೆಯುವ ಬಾಡಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಇಡೀ ಲಾರಿಯನ್ನೇ ಗೊತ್ತು ಮಾಡಿ, ತುಂಬಿದರೂ ತುಂಬದಿದ್ದರೂ ಒಂದೇ ಬಾಡಿಗೆ ಕೊಡುವ ಪದ್ಧತಿಯಿದ್ದರೆ, ಆಗ ಆ ಪೂರ್ತಿ ಬಾಡಿಗೆ ತರಿಸುವ ಖರ್ಚಿಗೆ ಸೇರುತ್ತದೆ. ಅದೇ ರಸ್ತೆ, ಅದೇ ಲಾರಿ. ಬಾಡಿಗೆಯನ್ನು ಹೇಗೆ ಕೊಡುತ್ತೇವೆ ಎಂಬುದರ ಮೇಲೆ ಖರ್ಚಿನ ಜಾತಿ ಬದಲಾಗುತ್ತದೆ.

ನಮ್ಮ ವ್ಯಾಪಾರಿ ಬಾಡಿಗೆಯನ್ನು ತೂಕದ ಮೇಲೆ ಕೊಡುತ್ತಾರೆ ಎಂದುಕೊಳ್ಳೋಣ. ತೂಕ ಎಷ್ಟೇ ಇದ್ದರೂ ಒಂದು ಬಿಲ್ಟಿಗೆ, ಎಂದರೆ ಒಂದು ಸಲದ ಸಾಗಣೆಯ ರಸೀದಿಗೆ, ಟ್ರಾನ್ಸ್‌ಪೋರ್ಟಿನವರು ಕಾಗದಪತ್ರ ಮತ್ತು ಗೋದಾಮಿನ ಬಾಗಿಲಿಗೆ ತಲುಪಿಸುವುದು ಸೇರಿಸಿ 650 ರೂಪಾಯಿ ಹಾಕುತ್ತಾರೆ. ವೇ ಬ್ರಿಜ್‌ನಲ್ಲಿ ತೂಕ ನೋಡಲು 150. ಬ್ಯಾಂಕಿನ ಶುಲ್ಕ, ಫೋನು, ಬಂದ ಮಾಲಿನಲ್ಲಿ ಕೊರತೆಯಿದ್ದರೆ ಕಾರ್ಖಾನೆಯೊಂದಿಗಿನ ಓಡಾಟ ಇವುಗಳಿಗೆ ಸರಾಸರಿ 250. ಕೊನೆಯದು, ಬಹಳ ಜನ ಬರೆದಿಡದ ಒಂದು ಖರ್ಚು. ಹೊಸ ಚೀಲಗಳು ಬರುವ ದಿನ ಗೋಡೆಯ ಬದಿಯಲ್ಲಿರುವ ಹಳೆಯ ಚೀಲಗಳನ್ನು ಮುಂದಕ್ಕೆ ಎಳೆದು, ಹೊಸವಕ್ಕೆ ಹಿಂದೆ ಜಾಗ ಮಾಡಬೇಕು. ಹಾಗೆ ಮಾಡದೆ ಹೊಸ ಮಾಲನ್ನು ಹಳೆಯದರ ಮುಂದೆಯೇ ಒಟ್ಟಿದರೆ ಹಿಂದಿನ ಸಾಲು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ. ಈ ಕೆಲಸಕ್ಕೆ ಆ ದಿನ ಇಬ್ಬರು ಆಳುಗಳು ಹೆಚ್ಚಿಗೆ ಬೇಕು, ತಲಾ 600ರಂತೆ 1,200 ರೂಪಾಯಿ. ಎಲ್ಲ ಸೇರಿ ಒಂದು ಆರ್ಡರಿಗೆ 2,250 ರೂಪಾಯಿ ಆಯಿತು.

ಈ ಮೊತ್ತದಲ್ಲಿ ಗುಮಾಸ್ತರ ಸಂಬಳವಿಲ್ಲ ಎಂಬುದನ್ನು ಗಮನಿಸಬೇಕು. ಅನೇಕ ಪಠ್ಯಗಳು ಖರೀದಿ ವಿಭಾಗದ ಇಡೀ ವರ್ಷದ ಖರ್ಚನ್ನು ಆರ್ಡರುಗಳ ಸಂಖ್ಯೆಯಿಂದ ಭಾಗಿಸಿ ತರಿಸುವ ಖರ್ಚನ್ನು ಕಂಡುಹಿಡಿಯುತ್ತವೆ. ದೊಡ್ಡ ಕಾರ್ಖಾನೆಯಲ್ಲಿ, ಆರ್ಡರುಗಳು ಕಡಿಮೆಯಾದರೆ ನಾಲ್ಕು ಜನರ ಕೆಲಸವನ್ನು ಮೂವರಿಂದ ಮಾಡಿಸಬಹುದಾದಲ್ಲಿ, ಅದು ಸರಿ. ಸಗಟು ಅಂಗಡಿಯಲ್ಲಿ ಗುಮಾಸ್ತರು ಒಬ್ಬರೇ. ಆರ್ಡರ್ ಕಡಿಮೆಯಾದ ತಿಂಗಳು ಅವರ ಸಂಬಳ ಕಡಿಮೆಯಾಗುವುದಿಲ್ಲ. ಈ ಭಾಗಾಕಾರದ ದಾರಿ ಹಿಡಿದು ತರಿಸುವ ಖರ್ಚನ್ನು 9,000 ಎಂದು ಬರೆದುಕೊಂಡ ವ್ಯಾಪಾರಿಗೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಇನ್ನು ಇಟ್ಟುಕೊಳ್ಳುವ ಖರ್ಚು. ಒಂದು ಚೀಲ ವರ್ಷವಿಡೀ ಗೋದಾಮಿನಲ್ಲೇ ಕುಳಿತರೆ ಎಷ್ಟು ತಗಲುತ್ತದೆ ಎಂದು ಕೇಳಬೇಕು. ಮೊದಲನೆಯದು ಬಡ್ಡಿ. ವ್ಯಾಪಾರದ ಬಂಡವಾಳಕ್ಕೆ ಸಾಲ ಪಡೆಯುವ ಬ್ಯಾಂಕಿನ ಸಿಸಿ ಖಾತೆಯ ಬಡ್ಡಿ ಶೇ 11 ಇದ್ದರೆ 3,000 ರೂಪಾಯಿಯ ಚೀಲಕ್ಕೆ ವರ್ಷಕ್ಕೆ 330. ಸಾಲವಿಲ್ಲದೆ ಸ್ವಂತ ಹಣದಲ್ಲಿ ವ್ಯಾಪಾರ ಮಾಡುವವರು ಈ ಸಾಲನ್ನು ಖಾಲಿ ಬಿಡುತ್ತಾರೆ, ಅದು ಸರಿಯಲ್ಲ. ಆ ಹಣ ಮೊಳೆಯ ಚೀಲದಲ್ಲಿ ಇರದಿದ್ದರೆ ಬೇರೊಂದು ಸರಕಿನಲ್ಲಿ ತಿರುಗುತ್ತಿತ್ತು, ಇಲ್ಲವೇ ಬ್ಯಾಂಕಿನಲ್ಲಿ ಬಡ್ಡಿ ತರುತ್ತಿತ್ತು. ಕಳೆದುಕೊಂಡ ಆ ಗಳಿಕೆಯೇ ಇಲ್ಲಿ ಬರೆಯಬೇಕಾದ ಬಡ್ಡಿ.

ಎರಡನೆಯದು ಜಾಗ. ಮೊಳೆಯ ಚೀಲಗಳನ್ನು ಎಂಟರ ಎತ್ತರಕ್ಕೆ ಒಟ್ಟಿದರೆ, ನಡುವಿನ ಓಡಾಟದ ದಾರಿಯ ಪಾಲನ್ನೂ ಸೇರಿಸಿ, ಒಂದು ಅಟ್ಟಿಗೆ ಸುಮಾರು ನಾಲ್ಕು ಚದರ ಅಡಿ ಬೇಕು. ಚದರ ಅಡಿಗೆ ತಿಂಗಳಿಗೆ 20 ರೂಪಾಯಿ ಬಾಡಿಗೆಯಾದರೆ ಅಟ್ಟಿಗೆ 80, ಚೀಲಕ್ಕೆ ತಿಂಗಳಿಗೆ 10, ವರ್ಷಕ್ಕೆ 120. ಇದನ್ನು ಲೆಕ್ಕಕ್ಕೆ ಹಿಡಿಯುವುದು ಜಾಗಕ್ಕೆ ಬೇರೆ ಉಪಯೋಗವಿದ್ದಾಗ ಮಾತ್ರ. ಸ್ವಂತ ಗೋದಾಮಿನ ಅರ್ಧ ಖಾಲಿ ಬಿದ್ದಿದ್ದರೆ ಈ 120 ಸೊನ್ನೆ. ಮೊಳೆಯಿಂದಾಗಿ ಪಿವಿಸಿ ಪೈಪುಗಳಿಗೆ ಪಕ್ಕದ ಶೆಡ್ ಬಾಡಿಗೆಗೆ ಹಿಡಿಯಬೇಕಾಗಿ ಬಂದರೆ ಪೂರ್ತಿ 120.

ಮೂರನೆಯದು ತುಕ್ಕು. ಮಳೆಗಾಲದಲ್ಲಿ ಗೋಡೆಗೆ ತಾಗಿದ, ನೆಲದ ಮೇಲೆ ನೇರವಾಗಿ ಇಟ್ಟ ಕೆಳಗಿನ ಚೀಲವನ್ನು ಬಿಚ್ಚಿ ನೋಡಿದವರಿಗೆ ಇದು ಗೊತ್ತು: ಮೊಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಡ್ಡೆಯಾಗಿರುತ್ತವೆ, ಕೈಗೆ ಕಂದು ಪುಡಿ ಹತ್ತುತ್ತದೆ, ಚೀಲದ ತಳ ಎತ್ತಿದ ಕೂಡಲೇ ಹರಿಯುತ್ತದೆ. ಅಂಥ ಮಾಲನ್ನು ಅರ್ಧ ಬೆಲೆಗೆ ಕೊಡಬೇಕಾಗುತ್ತದೆ. ವರ್ಷವಿಡೀ ಇಟ್ಟ 25 ಚೀಲಗಳಲ್ಲಿ ಒಂದು ಹೀಗೆ ಹಾಳಾಗುತ್ತದೆ ಎಂದರೆ ನಷ್ಟ 1,500, ಎಂದರೆ ಚೀಲಕ್ಕೆ 60 ರೂಪಾಯಿ. ವಿಮೆ, ಎಣಿಕೆಯ ವ್ಯತ್ಯಾಸಕ್ಕೆ 30 ಸೇರಿಸಿದರೆ ಒಂದು ಚೀಲವನ್ನು ವರ್ಷ ಇಟ್ಟುಕೊಳ್ಳುವ ಖರ್ಚು 540 ರೂಪಾಯಿ. ಇದು ಚೀಲದ ಬೆಲೆಯ ಶೇ 18 ಆಗುತ್ತದೆ.

ಈಗ ಎರಡನ್ನೂ ಜೋಡಿಸೋಣ. ಒಮ್ಮೆಗೆ 100 ಚೀಲ ತರಿಸಿದರೆ ವರ್ಷಕ್ಕೆ 12 ಆರ್ಡರು, 12 ಗುಣಿಸು 2,250 ಎಂದರೆ 27,000 ರೂಪಾಯಿ. ಇಟ್ಟುಕೊಳ್ಳುವ ಕಡೆ ನೋಡಿದರೆ, ಮಾಲು ಬಂದ ದಿನ 100 ಚೀಲವಿರುತ್ತದೆ, ದಿನದಿನಕ್ಕೆ ಕರಗುತ್ತ ಕೊನೆಗೆ ಸೊನ್ನೆಗೆ ಬರುತ್ತದೆ. ಮಾರಾಟ ಒಂದೇ ಸಮನಾಗಿದ್ದರೆ ದಿನವೂ ಹೋಗಿ ಎಣಿಸಿದರೆ ಸರಾಸರಿ 50 ಚೀಲ ಸಿಗುತ್ತದೆ. ತರಿಸಿದ ಗಾತ್ರದ ಅರ್ಧವನ್ನೇ ಹಿಡಿಯಬೇಕೆಂಬುದಕ್ಕೆ ಇಷ್ಟೇ ಕಾರಣ. 50 ಗುಣಿಸು 540 ಎಂದರೆ 27,000. ಬೇರೆ ಗಾತ್ರಗಳಿಗೂ ಹೀಗೇ ಲೆಕ್ಕ ಹಾಕಿದರೆ ಈ ಪಟ್ಟಿ ಸಿಗುತ್ತದೆ.

| ಒಮ್ಮೆಗೆ ತರಿಸುವ ಚೀಲ | ವರ್ಷದ ತರಿಸುವ ಖರ್ಚು | ವರ್ಷದ ಇಟ್ಟುಕೊಳ್ಳುವ ಖರ್ಚು | ಒಟ್ಟು |
|---|---|---|---|
| 25 | 1,08,000 | 6,750 | 1,14,750 |
| 50 | 54,000 | 13,500 | 67,500 |
| 100 | 27,000 | 27,000 | 54,000 |
| 150 | 18,000 | 40,500 | 58,500 |
| 200 | 13,500 | 54,000 | 67,500 |
| 300 | 9,000 | 81,000 | 90,000 |

ಒಟ್ಟು ಖರ್ಚು ತೀರ ಕಡಿಮೆಯಿರುವಲ್ಲಿ ಎರಡು ಖರ್ಚುಗಳೂ ಸಮವಾಗಿವೆ. ಇದು ಕಾಕತಾಳೀಯವಲ್ಲ. ಪಟ್ಟಿಯ ಯಾವ ಸಾಲನ್ನು ತೆಗೆದುಕೊಂಡರೂ ಎರಡು ಖರ್ಚುಗಳ ಗುಣಲಬ್ಧ ಒಂದೇ ಬರುತ್ತದೆ: 27,000 ಗುಣಿಸು 27,000 ಕೂಡ 72.9 ಕೋಟಿ, 54,000 ಗುಣಿಸು 13,500 ಕೂಡ 72.9 ಕೋಟಿ. ಗಾತ್ರ ಎರಡು ಪಟ್ಟಾದರೆ ಒಂದು ಖರ್ಚು ಅರ್ಧವಾಗಿ ಇನ್ನೊಂದು ಇಮ್ಮಡಿಯಾಗುವುದರಿಂದ ಗುಣಲಬ್ಧ ಕದಲುವುದಿಲ್ಲ. ಗುಣಲಬ್ಧ ಸ್ಥಿರವಾಗಿರುವ ಎರಡು ಸಂಖ್ಯೆಗಳ ಮೊತ್ತ ಅತಿ ಕಡಿಮೆಯಾಗುವುದು ಅವು ಸಮವಾದಾಗ ಎಂಬುದು ಶಾಲೆಯ ಗಣಿತ. ಹಾಗಾಗಿ ಎರಡು ಖರ್ಚುಗಳನ್ನು ಸಮ ಮಾಡಿ ಬಿಡಿಸಿದರೆ ಸೂತ್ರ ತಾನಾಗಿ ಬರುತ್ತದೆ:

```
(D ÷ Q) × S = (Q ÷ 2) × H
Q = √(2 × D × S ÷ H)

=SQRT(2*1200*2250/540)   → 100
```

ಇಲ್ಲಿ D ವರ್ಷದ ಮಾರಾಟ, S ಒಂದು ಆರ್ಡರಿನ ಖರ್ಚು, H ಒಂದು ಚೀಲವನ್ನು ವರ್ಷ ಇಟ್ಟುಕೊಳ್ಳುವ ಖರ್ಚು, Q ನಾವು ಹುಡುಕುತ್ತಿರುವ ಗಾತ್ರ. ಕೊನೆಯ ಸಾಲನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಬರೆಯಬಹುದು. ಮಾರಾಟವನ್ನು ವರ್ಷಕ್ಕೂ ಇಟ್ಟುಕೊಳ್ಳುವ ಖರ್ಚನ್ನು ತಿಂಗಳಿಗೂ ಹಾಕಿದರೆ ಉತ್ತರ ಮೂರೂವರೆ ಪಟ್ಟು ದೊಡ್ಡದಾಗಿ ಬರುತ್ತದೆ. ಲೆಕ್ಕ ವಿಚಿತ್ರವಾಗಿ ಕಂಡಾಗ ಮೊದಲು ಇದನ್ನೇ ಪರೀಕ್ಷಿಸಬೇಕು.

ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಸೂತ್ರಕ್ಕಿಂತಲೂ ಉಪಯುಕ್ತವಾದ ಒಂದು ಸಂಗತಿ ಕಾಣುತ್ತದೆ. 100ರ ಬದಲು 150 ಚೀಲ ತರಿಸಿದರೆ ಗಾತ್ರ ಶೇ 50ರಷ್ಟು ತಪ್ಪಿದ ಹಾಗಾಯಿತು, ಆದರೆ ಹೆಚ್ಚಾದ ಖರ್ಚು ವರ್ಷಕ್ಕೆ 4,500 ರೂಪಾಯಿ, ಎಂದರೆ ಸುಮಾರು ಶೇ 8 ಮಾತ್ರ. 80 ಚೀಲ ತರಿಸಿದರೆ ಒಟ್ಟು 55,350 ಆಗುತ್ತದೆ, ವ್ಯತ್ಯಾಸ ಸಾವಿರದ ಚಿಲ್ಲರೆ. ಬಾಣಲೆಯ ತಳದಂತೆ ಈ ಲೆಕ್ಕದ ತಳ ಅಗಲವಾಗಿದೆ, ಅಂಚುಗಳು ಮಾತ್ರ ಏರುತ್ತವೆ. ಆದ್ದರಿಂದ 97 ಬಂದರೆ 100 ಎಂದು, 130 ಬಂದರೆ ಗಾಡಿಗೆ ಹಿಡಿಸುವಷ್ಟಕ್ಕೆ 120 ಎಂದು ಮಾಡಿಕೊಳ್ಳುವುದರಲ್ಲಿ ನಷ್ಟವಿಲ್ಲ. ಹಾಗೆಯೇ ತುಕ್ಕಿನ ನಷ್ಟ 60ರ ಬದಲು 80 ಇರಬಹುದೇ ಎಂದು ತಲೆ ಕೆಡಿಸಿಕೊಳ್ಳುವುದೂ ಬೇಡ.

ಸಣ್ಣ ತಪ್ಪನ್ನು ಕ್ಷಮಿಸುವ ಈ ಲೆಕ್ಕ, ಖರ್ಚಿನ ಜಾತಿಯನ್ನೇ ತಪ್ಪಾಗಿ ಹಿಡಿದರೆ ಕ್ಷಮಿಸುವುದಿಲ್ಲ. ಗುಮಾಸ್ತರ ಸಂಬಳವನ್ನು ಹಂಚಿ ತರಿಸುವ ಖರ್ಚನ್ನು 9,000 ಎಂದುಕೊಂಡ ವ್ಯಾಪಾರಿಯನ್ನು ನೆನೆಯಿರಿ. ಸೂತ್ರ ಅವರಿಗೆ 200 ಚೀಲ ಎನ್ನುತ್ತದೆ. ಸಂಬಳ ಉಳಿಯುವುದಿಲ್ಲವಾದ್ದರಿಂದ ಅವರ ನಿಜವಾದ ಖರ್ಚು ನಮ್ಮ ಪಟ್ಟಿಯ 200ರ ಸಾಲಿನದು, 67,500. ಒಂದೇ ಸರಕಿನಲ್ಲಿ ವರ್ಷಕ್ಕೆ 13,500 ರೂಪಾಯಿ ಹೆಚ್ಚಿಗೆ ಹೋಯಿತು, ಅದೂ ಲೆಕ್ಕ ಹಾಕಿಯೇ ಮಾಡಿದೆನೆಂಬ ನಂಬಿಕೆಯಲ್ಲಿ. ಸ್ವಂತ ಹಣವೆಂದು ಬಡ್ಡಿಯನ್ನು ಬಿಟ್ಟವರಿಗೆ ಇಟ್ಟುಕೊಳ್ಳುವ ಖರ್ಚು 210 ಆಗಿ, ಗಾತ್ರ ಸುಮಾರು 160 ಬರುತ್ತದೆ. ಅವರ ನಷ್ಟ ಆರು ಸಾವಿರದ ಆಸುಪಾಸು. ಇಂಥ ತಪ್ಪನ್ನು ಹಿಡಿಯುವ ದಾರಿ ಸರಳವಾಗಿದೆ. ಗಾತ್ರ ಬದಲಿಸಿದ ಆರು ತಿಂಗಳ ನಂತರ, ಉಳಿಯುತ್ತದೆ ಎಂದುಕೊಂಡಿದ್ದ ಖರ್ಚು ರೋಕಡ್ ಪುಸ್ತಕದಲ್ಲಿ ನಿಜವಾಗಿ ಇಳಿದಿದೆಯೇ ಎಂದು ನೋಡುವುದು. ಇಳಿಯದಿದ್ದರೆ ಅದು ಸೂತ್ರದೊಳಗೆ ಇರಬೇಕಾದ ಖರ್ಚಲ್ಲ.

ಇಲ್ಲಿ ಉದ್ರಿಯ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಈ ಲೆಕ್ಕ ವಿವರಿಸಿದಾಗಲೆಲ್ಲ ವ್ಯಾಪಾರಿಗಳು ಎತ್ತುವ ಆಕ್ಷೇಪ ಇದೇ. "ಕಾರ್ಖಾನೆಯವರು ನನಗೆ 30 ದಿನದ ಉದ್ರಿ ಕೊಡುತ್ತಾರೆ, 100 ಚೀಲ 30 ದಿನದಲ್ಲಿ ಖರ್ಚಾಗುತ್ತದೆ, ಹಾಗಿದ್ದ ಮೇಲೆ ನನಗೆ ಬಡ್ಡಿಯೆಲ್ಲಿ?" ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಪ್ರತಿ ಬಿಲ್ಲಿಗೂ 30 ದಿನದ ಉದ್ರಿ ಇದ್ದರೆ, ಒಮ್ಮೆಗೆ 50 ಚೀಲ ತರಿಸಿದರೂ 200 ತರಿಸಿದರೂ ವರ್ಷದ ಸರಾಸರಿಯಲ್ಲಿ ಕಾರ್ಖಾನೆಗೆ ಕೊಡಬೇಕಾದ ಬಾಕಿ ಒಂದೇ ಆಗಿರುತ್ತದೆ: 36 ಲಕ್ಷದಲ್ಲಿ 30 ದಿನದ ಪಾಲು, ಎಂದರೆ ಸುಮಾರು 2.96 ಲಕ್ಷ. ಸಿಸಿ ಖಾತೆಯಲ್ಲಿ ಅಷ್ಟು ಹಣದ ಬಡ್ಡಿ, ವರ್ಷಕ್ಕೆ ಸುಮಾರು 32,500, ಯಾವ ಗಾತ್ರಕ್ಕೂ ಸಮನಾಗಿ ಉಳಿಯುತ್ತದೆ. ಎಲ್ಲ ಗಾತ್ರಕ್ಕೂ ಒಂದೇ ಸಮನಾಗಿ ಸಿಗುವ ಲಾಭ ಗಾತ್ರವನ್ನು ನಿರ್ಧರಿಸಲಾರದು. ಉದ್ರಿ ಒಳ್ಳೆಯದು, ಪಡೆಯಲೇಬೇಕು. ಅದರ ನೆಪದಲ್ಲಿ ಅಟ್ಟಿ ದೊಡ್ಡದಾಗಬಾರದು.

ಮುಂದಿನ ಪ್ರಶ್ನೆ ರಿಯಾಯಿತಿಯದು. ಕಾರ್ಖಾನೆಯ ಪ್ರತಿನಿಧಿ ಬಂದು, ಒಮ್ಮೆಗೆ 300 ಚೀಲ ಎತ್ತಿದರೆ ದರದಲ್ಲಿ ಶೇ 2 ಬಿಡುತ್ತೇವೆ ಎನ್ನುತ್ತಾರೆ. ಈಗ ಪಕ್ಕಕ್ಕಿಟ್ಟಿದ್ದ 36 ಲಕ್ಷವನ್ನು ಮತ್ತೆ ಒಳಗೆ ತರಬೇಕು. ಶೇ 2 ಎಂದರೆ ವರ್ಷಕ್ಕೆ 72,000 ರೂಪಾಯಿ ಉಳಿತಾಯ. 300ರ ಗಾತ್ರದಲ್ಲಿ ಬಡ್ಡಿ ಕೊಂಚ ಕಡಿಮೆಯಾಗಿ ಎರಡು ಖರ್ಚುಗಳ ಮೊತ್ತ ಸುಮಾರು 89,000 ಆಗುತ್ತದೆ, 100ರ ಗಾತ್ರದ 54,000ಕ್ಕಿಂತ 35,000 ಹೆಚ್ಚು. ಕಳೆದರೆ 37,000ದಷ್ಟು ಲಾಭ. ಶೇ 1 ಮಾತ್ರ ಬಿಟ್ಟರೆ ಉಳಿತಾಯ 36,000, ಹೆಚ್ಚಾಗುವ ಖರ್ಚು ಸುಮಾರು 35,500. ಕೈಗೆ ಉಳಿಯುವುದು ಐನೂರು ರೂಪಾಯಿಗೂ ಕಡಿಮೆ. ಈ ವ್ಯಾಪಾರಿಗೆ ಶೇ 1 ಎಂಬುದೇ ಗಡಿರೇಖೆ.

ಶೇ 2ರ ಕೊಡುಗೆಯನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಮೊಳೆಯ ದರ ಉಕ್ಕಿನ ತಂತಿಯ ದರದ ಹಿಂದೆ ಓಡುತ್ತದೆ. 300 ಚೀಲ ಇಳಿಸಿಕೊಂಡ ಮರುವಾರ ಕೆಜಿಗೆ 3 ರೂಪಾಯಿ ಇಳಿದರೆ ಗೋದಾಮಿನಲ್ಲಿರುವ ಮಾಲಿನ ಮೇಲೆ 45,000 ನಷ್ಟ; 100 ಚೀಲವಿದ್ದಿದ್ದರೆ 15,000. ಇಂಥ ಒಂದು ಇಳಿತ ಸಾಕು, ವರ್ಷದ ರಿಯಾಯಿತಿ ಲಾಭದ ಬಹುಪಾಲು ಹೋಗುತ್ತದೆ. ದರ ಏರಿದರೆ ಅಷ್ಟೇ ಲಾಭವೂ ಬರಬಹುದು, ನಿಜ. ಆದರೆ ಅದು ದರದ ಮೇಲಿನ ಪಂದ್ಯ, ದಾಸ್ತಾನಿನ ಲೆಕ್ಕವಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಯೋಚಿಸಿದವರಿಗೆ ತಾವು ಯಾವುದಕ್ಕೆ ಹಣ ಹಾಕುತ್ತಿದ್ದೇವೆ ಎಂಬುದಾದರೂ ತಿಳಿದಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಹಾರ್ಡ್‌ವೇರ್ ಸಗಟು ವ್ಯಾಪಾರದಲ್ಲಿ ಈ ಲೆಕ್ಕ ಹೆಚ್ಚು ಫಲ ಕೊಡುವುದು ಒಂದೇ ಸರಕಿನಲ್ಲಿ ಅಲ್ಲ, ಒಂದೇ ಕಾರ್ಖಾನೆಯಿಂದ ಬರುವ ಹಲವು ಸರಕುಗಳಲ್ಲಿ. ನಮ್ಮ ವ್ಯಾಪಾರಿ ಎರಡೂವರೆ ಇಂಚಿನ ಮೊಳೆಯ ಜೊತೆಗೆ ಎರಡು ಇಂಚು ಮತ್ತು ಮೂರು ಇಂಚಿನದನ್ನೂ ತಲಾ 600 ಚೀಲ ಮಾರುತ್ತಾರೆ, ಬೆಲೆ ಹೆಚ್ಚುಕಡಿಮೆ ಅಷ್ಟೇ ಎಂದುಕೊಳ್ಳೋಣ. ಪ್ರತಿಯೊಂದಕ್ಕೂ ಬೇರೆ ಬೇರೆ ಸೂತ್ರ ಹಾಕಿದರೆ ಮೊದಲನೆಯದಕ್ಕೆ 100, ಉಳಿದೆರಡಕ್ಕೆ ತಲಾ 71 ಚೀಲ ಬರುತ್ತದೆ. ವರ್ಷದಲ್ಲಿ ಒಟ್ಟು 29 ಸಲ ಗಾಡಿ ಬರುತ್ತದೆ, ಮೂರರ ಖರ್ಚೂ ಸೇರಿ ಸುಮಾರು 1,30,000 ರೂಪಾಯಿ. ಆದರೆ ಮೂರೂ ಒಂದೇ ಬಿಲ್ಟಿಯಲ್ಲಿ ಬರಬಹುದಲ್ಲವೆ? ಹಾಗೆ ತರಿಸಿದರೆ ಬಿಲ್ಟಿ, ವೇ ಬ್ರಿಜ್, ಇಬ್ಬರು ಆಳುಗಳ ಕೂಲಿ ಒಂದೇ ಸಲ. ಹೆಚ್ಚುವರಿ ಎರಡು ಅಳತೆಗಳನ್ನು ಬೇರ್ಪಡಿಸಿ ಎಣಿಸಲು ತಲಾ 250 ಸೇರಿಸಿದರೂ ಒಂದು ಆರ್ಡರಿಗೆ 2,750 ಆಗುತ್ತದೆ. ಮೂರರ ಒಟ್ಟು ಮಾರಾಟ 2,400 ಚೀಲವನ್ನು ಸೂತ್ರಕ್ಕೆ ಹಾಕಿದರೆ 156 ಚೀಲ ಬರುತ್ತದೆ: ಸುಮಾರು 24 ದಿನಕ್ಕೊಮ್ಮೆ ಎರಡೂವರೆ ಇಂಚಿನದು 78, ಉಳಿದವು 39ರಂತೆ. ವರ್ಷದ ಖರ್ಚು ಸುಮಾರು 84,000. ಒಂದೊಂದು ಅಳತೆಯ ಅಟ್ಟಿಯೂ ಮೊದಲಿಗಿಂತ ಚಿಕ್ಕದಾಗಿ, ಗಾಡಿ ಬರುವುದೂ ಅರ್ಧದಷ್ಟಾಗಿ, 46,000 ಉಳಿಯಿತು. ಒಂದು ಸರಕಿನ ಗಾತ್ರವನ್ನು 150ರಿಂದ 100ಕ್ಕೆ ಇಳಿಸಿ ಉಳಿಸಿದ 4,500ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಖರೀದಿಯನ್ನು ಸರಕುವಾರು ಅಲ್ಲದೆ ಕಾರ್ಖಾನೆವಾರು ಯೋಚಿಸಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಎಷ್ಟು ತರಿಸಬೇಕು ಎಂದು ಹೇಳುವ ಸೂತ್ರ, ಯಾವಾಗ ತರಿಸಬೇಕು ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಲೆಕ್ಕವಿದೆ. ವರ್ಷಕ್ಕೆ 300 ಕೆಲಸದ ದಿನಗಳಾದರೆ ಎರಡೂವರೆ ಇಂಚಿನದು ದಿನಕ್ಕೆ 4 ಚೀಲ ಹೋಗುತ್ತದೆ. ಆರ್ಡರ್ ಕೊಟ್ಟು ಮಾಲು ಇಳಿಯಲು 7 ದಿನ ಬೇಕೆಂದರೆ 28 ಚೀಲ ಉಳಿದಾಗಲೇ ಫೋನು ಮಾಡಬೇಕು. ಲಾರಿ ತಡವಾಗುವುದಕ್ಕೂ ದೊಡ್ಡ ಗಿರಾಕಿ ಒಮ್ಮೆಲೇ ಬರುವುದಕ್ಕೂ ಮೂರು ದಿನದ 12 ಚೀಲವನ್ನು ಆಪತ್ತಿಗೆಂದು ಸೇರಿಸಿ, 40ಕ್ಕೆ ಇಳಿದ ಕೂಡಲೇ ಆರ್ಡರ್ ಎಂದು ಗೋದಾಮಿನ ಗೋಡೆಯ ಮೇಲೆ ಬರೆದಿಟ್ಟರೆ ಸಾಕು. ಎಂಟರ ಅಟ್ಟಿಗಳು ಐದು ಉಳಿದರೆ 40. ಎಣಿಸುವ ಕೆಲಸವೂ ಇಲ್ಲ.

ಸೂತ್ರವು ಮಾರಾಟ ವರ್ಷವಿಡೀ ಒಂದೇ ಸಮ ಎಂದು ನಂಬುತ್ತದೆ. ನಮ್ಮ ಕಡೆ ಕಟ್ಟಡದ ಕೆಲಸ ಹಾಗಿರುವುದಿಲ್ಲ. ಮಳೆ ಹಿಡಿದರೆ ನೆಲಗಟ್ಟು, ಸೆಂಟ್ರಿಂಗ್ ಎಲ್ಲವೂ ನಿಧಾನವಾಗುತ್ತವೆ, ಮೊಳೆಯ ಬೇಡಿಕೆಯೂ ಇಳಿಯುತ್ತದೆ. 1,200 ಚೀಲದಲ್ಲಿ ಎಂಟು ತಿಂಗಳು ತಿಂಗಳಿಗೆ 120ರಂತೆ, ಮಳೆಯ ನಾಲ್ಕು ತಿಂಗಳು 60ರಂತೆ ಹೋಗುತ್ತದೆ ಎಂದುಕೊಂಡರೆ, ಆಯಾ ಕಾಲದ ವೇಗವನ್ನು ವರ್ಷದ ಲೆಕ್ಕಕ್ಕೆ ಏರಿಸಿ, 1,440 ಮತ್ತು 720 ಎಂದು ಸೂತ್ರಕ್ಕೆ ಹಾಕಬೇಕು. ಉತ್ತರ ಸುಮಾರು 110 ಮತ್ತು 77. ಮಾರಾಟ ಅರ್ಧಕ್ಕೆ ಇಳಿದರೂ ತರಿಸುವ ಗಾತ್ರ ಅರ್ಧವಾಗದೆ ಶೇ 30ರಷ್ಟೇ ಇಳಿಯಿತು. ಬದಲಿಗೆ ಎರಡು ಆರ್ಡರುಗಳ ನಡುವಿನ ಅಂತರ 28 ದಿನದಿಂದ 39 ದಿನಕ್ಕೆ ಹಿಗ್ಗಿತು. ವರ್ಗಮೂಲವಿರುವ ಲೆಕ್ಕಗಳ ಸ್ವಭಾವವೇ ಹಾಗೆ. ಆದರೆ ಆ 39 ದಿನಗಳು ತುಕ್ಕು ಹಿಡಿಯುವ ದಿನಗಳೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳುವ ಖರ್ಚಿನಲ್ಲಿ ತುಕ್ಕಿನ ಪಾಲನ್ನು 60ರಿಂದ 180ಕ್ಕೆ ಏರಿಸಿದರೆ ಗಾತ್ರ 70ಕ್ಕೆ ಇಳಿಯುತ್ತದೆ. ಆ 70 ಚೀಲಗಳನ್ನೂ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಬಿಟ್ಟು ಒಟ್ಟಬೇಕು.

ಇನ್ನು ಈ ಲೆಕ್ಕವನ್ನು ಹಾಕಲೇಬಾರದ ಸರಕುಗಳೂ ಅದೇ ಗೋದಾಮಿನಲ್ಲಿವೆ. ಬಿಳಿ ಸಿಮೆಂಟು, ಟೈಲ್ಸ್ ಅಂಟಿಸುವ ಪುಡಿ ಮುಂತಾದವುಗಳ ಚೀಲದ ಮೇಲೆ ತಯಾರಾದ ತಿಂಗಳೂ ಬಳಕೆಯ ಅವಧಿಯೂ ಇರುತ್ತವೆ. ಸೂತ್ರ ಎಂಟು ತಿಂಗಳಿಗಾಗುವಷ್ಟು ಎಂದರೂ ಅವಧಿ ಆರು ತಿಂಗಳಾಗಿದ್ದರೆ, ಚಿಲ್ಲರೆಯವರು ಮಾರಿ ಮುಗಿಸಲು ಬೇಕಾದ ಎರಡು ಮೂರು ತಿಂಗಳನ್ನು ಕಳೆದು ಉಳಿದ ಕಾಲಕ್ಕಾಗುವಷ್ಟನ್ನೇ ತರಿಸಬೇಕು. ವರ್ಷಕ್ಕೆ ಐದಾರು ಡಜನ್ ಮಾತ್ರ ಹೋಗುವ ಹಿತ್ತಾಳೆಯ ಅಗುಳಿಯಂಥವಕ್ಕೆ ಸರಾಸರಿ ಮಾರಾಟವೆಂಬ ಅಂಕಿಗೇ ಅರ್ಥವಿಲ್ಲ. ಅವನ್ನು ಗಿರಾಕಿಯ ಚೀಟಿ ಬಂದ ಮೇಲೆ, ಅದೇ ಕಾರ್ಖಾನೆಯಿಂದ ಬರುವ ಮುಂದಿನ ಬಿಲ್ಟಿಯ ಜೊತೆ ತರಿಸಿಕೊಳ್ಳುವುದೇ ಸರಿ.